ಮೊದಲ ಭೇಟಿ ಮುಗಿದ ಸಂಜೆ: ಧನ್ಯವಾದದ ಮೇಲ್‌ನಲ್ಲೇ ಮುಂದಿನ ತಾರೀಖು ಗೊತ್ತುಮಾಡುವುದು ಹೇಗೆ

ಕ್ಲೈಂಟ್ ಜೊತೆ ಮೊದಲ ಭೇಟಿ ಚೆನ್ನಾಗಿ ಆಗುತ್ತದೆ. ಚಹಾ ಆಗುತ್ತದೆ, ಮಾತು ಆಗುತ್ತದೆ, ಕೊನೆಗೆ ಬಾಗಿಲ ಹತ್ತಿರ ನಿಂತು "ಸರಿ, ಮತ್ತೆ ಸಿಗೋಣ" ಅಂತ ಇಬ್ಬರೂ ಹೇಳಿ ಹೊರಡುತ್ತೀರಿ. ಮತ್ತೆ ಅಂದರೆ ಯಾವಾಗ ಅಂತ ಯಾರೂ ಕೇಳಿರುವುದಿಲ್ಲ. ಮರುದಿನ ನೀವು ಧನ್ಯವಾದದ ಮೇಲ್ ಹಾಕುತ್ತೀರಿ, ಕೊನೆಯಲ್ಲಿ "ನಿಮಗೆ ಯಾವಾಗ ಅನುಕೂಲ ತಿಳಿಸಿ" ಅಂತ ಬರೆಯುತ್ತೀರಿ. ಅವರು ಓದುತ್ತಾರೆ, ನೋಡಿ ಹೇಳೋಣ ಅಂದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಅವರಿಗೆ ಆಸಕ್ತಿ ಇಲ್ಲ ಅಂತಲ್ಲ. ಕ್ಯಾಲೆಂಡರ್ ತೆಗೆದು, ಮನೆಯವರನ್ನು ಕೇಳಿ, ದಿನ ಹುಡುಕುವ ಕೆಲಸವನ್ನು ನೀವು ಅವರ ತಲೆಗೆ ಕಟ್ಟಿದ್ದೀರಿ, ಅಷ್ಟೇ.

ಈ ಲೇಖನ ಆ ಒಂದು ಮೇಲ್ ಬಗ್ಗೆ. ಸುಮ್ನೆ ಸೂತ್ರ ಹೇಳುವುದಕ್ಕಿಂತ ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ನೀವು ಬೆಂಗಳೂರಿನಲ್ಲಿ ಪ್ಯಾಕೆಟ್ ಡಿಸೈನ್ ಮಾಡುವ ಸಣ್ಣ ತಂಡ. ಕಲಬುರಗಿಯ ಒಂದು ದಾಲ್ ಮಿಲ್‌ನವರು ಇಷ್ಟು ದಿನ ಮೂಟೆಯಲ್ಲಿ ತೊಗರಿ ಬೇಳೆ ಮಾರುತ್ತಿದ್ದರು, ಈಗ ತಮ್ಮದೇ ಹೆಸರಿನ ಪೌಚ್ ಮಾಡಿಸಬೇಕು ಅಂತ ಕರೆದಿದ್ದಾರೆ. ಮೊದಲ ಭೇಟಿ 2025ರ ಸೆಪ್ಟೆಂಬರ್ 4, ಗುರುವಾರ, ಅವರ ಮಿಲ್‌ನಲ್ಲೇ. ಎದುರಿಗೆ ಕೂತವರು ಮಾಲೀಕರು ಮತ್ತು ಅವರ ಮಗಳು. ಮಗಳೇ ಲೆಕ್ಕಪತ್ರ ಮತ್ತು ಮೇಲ್ ನೋಡಿಕೊಳ್ಳುವುದು.

ಏಳುವ ಮೊದಲು ಎರಡು ಪ್ರಶ್ನೆ

ಮೇಲ್‌ನ ಅರ್ಧ ಕೆಲಸ ಮಿಲ್‌ನ ಆಫೀಸಿನಲ್ಲೇ ಆಗಬೇಕು. ಬ್ಯಾಗ್ ಎತ್ತಿಕೊಳ್ಳುವ ಮೊದಲು ಎರಡು ವಿಷಯ ಕೇಳಿ, ಬರೆದುಕೊಳ್ಳಿ.

ಮೊದಲನೆಯದು: "ಮುಂದಿನ ಸಲ ಮಾದರಿ ತೋರಿಸುವಾಗ ಇನ್ನು ಯಾರು ನೋಡಬೇಕು?" ಕುಟುಂಬದ ವ್ಯಾಪಾರದಲ್ಲಿ ಇದು ತುಂಬಾ ಮುಖ್ಯ. ಎದುರಿಗೆ ಕೂತವರು ಎಲ್ಲದಕ್ಕೂ ಹೂಂ ಅಂದಿರುತ್ತಾರೆ, ಕೊನೆಗೆ "ನಮ್ಮ ಅಣ್ಣಾರಿಗೊಮ್ಮೆ ತೋರಿಸ್ಬೇಕ್ರಿ" ಅನ್ನುತ್ತಾರೆ. ನಮ್ಮ ಉದಾಹರಣೆಯಲ್ಲೂ ಹಾಗೇ. ಮಾಲೀಕರ ಅಣ್ಣ ಹೊರಗಿನ ಮಾರಾಟ ನೋಡಿಕೊಳ್ಳುತ್ತಾರೆ, ಸೋಮವಾರ ಮತ್ತು ಶುಕ್ರವಾರ ಊರಲ್ಲಿ ಇರುವುದಿಲ್ಲ. ಇದು ಗೊತ್ತಿಲ್ಲದೆ ಶುಕ್ರವಾರ ಗೊತ್ತುಮಾಡಿಕೊಂಡು ಹೋದರೆ, ತೀರ್ಮಾನ ಮಾಡುವವರೇ ಇಲ್ಲದ ಭೇಟಿ ಆಗುತ್ತದೆ. ಮೂರನೇ ಸಲ ಮತ್ತೆ ರೈಲು ಹತ್ತಬೇಕು.

ಎರಡನೆಯದು: "ಮುಂದಿನ ಎರಡು ವಾರದಲ್ಲಿ ಯಾವ ದಿನ ಬೇಡವೇ ಬೇಡ?" ಯಾವ ದಿನ ಬೇಕು ಅಂತ ಕೇಳಿದರೆ ಜನ ಯೋಚಿಸುತ್ತಾ ಕೂರುತ್ತಾರೆ. ಯಾವ ದಿನ ಬೇಡ ಅಂತ ಕೇಳಿದರೆ ಥಟ್ಟನೆ ಹೇಳುತ್ತಾರೆ. ಮದುವೆ ಇದೆ, ಲೋಡ್ ಬರುತ್ತೆ, ಬ್ಯಾಂಕಿನವರು ಬರ್ತಾರೆ. ಉಳಿದ ದಿನಗಳಲ್ಲಿ ಆರಿಸುವ ಕೆಲಸ ನಿಮ್ಮದು.

ತಾರೀಖನ್ನು ಅಲ್ಲೇ ಗಟ್ಟಿ ಮಾಡಿಬಿಡಬಹುದಲ್ವಾ ಅಂತ ಕೇಳಬಹುದು. ಹಾಗೆ ಆಗಿಬಿಟ್ಟರೆ ಒಳ್ಳೆಯದೇ. ಆದರೆ ಮೊದಲ ಭೇಟಿಯಲ್ಲಿ ಒತ್ತಾಯ ಮಾಡಿ ತಾರೀಖು ಪಡೆದರೆ, ಸಂಕೋಚಕ್ಕೆ ಸರಿ ಅಂದವರು ಆಮೇಲೆ ಮುಂದೂಡುತ್ತಾರೆ. ಬಾಯಿಮಾತಿನಲ್ಲಿ ವಾರ ಗೊತ್ತಾಗಲಿ, ಮೇಲ್‌ನಲ್ಲಿ ದಿನ ಗೊತ್ತಾಗಲಿ. ಅಷ್ಟು ಸಾಕು.

ಯಾವಾಗ ಕಳಿಸಬೇಕು, ಯಾರಿಗೆ ಕಳಿಸಬೇಕು

ಅದೇ ದಿನ ಸಂಜೆ. ತಡ ಅಂದರೆ ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ. ನಮ್ಮ ಉದಾಹರಣೆಯಲ್ಲಿ ಮರುದಿನ, ಸೆಪ್ಟೆಂಬರ್ 5, ಈದ್ ಮಿಲಾದ್ ರಜೆ. ಅದಕ್ಕೆ ಗುರುವಾರ ಸಂಜೆಯೇ ಹೋಗಬೇಕು. ರಾತ್ರಿ ರೈಲಿನಲ್ಲಿ ಕೂತು ಹನ್ನೊಂದೂವರೆಗೆ ಕಳಿಸಬೇಡಿ. ಆ ಹೊತ್ತಿಗೆ ಬಂದ ಮೇಲ್ ಬೆಳಿಗ್ಗೆ ಬೇರೆ ಮೇಲ್‌ಗಳ ಅಡಿಯಲ್ಲಿ ಹೋಗಿರುತ್ತದೆ. ರೈಲಿನಲ್ಲೇ ಬರೆಯಬೇಕಾಗಿ ಬಂದರೆ ಬರೆದಿಟ್ಟು, ಜಿಮೇಲ್‌ನಲ್ಲಿ ಕಳಿಸುವ ಬಟನ್ ಪಕ್ಕದ ಬಾಣದ ಗುರುತು ಒತ್ತಿ, ಮುಂದಿನ ಕೆಲಸದ ದಿನ ಬೆಳಿಗ್ಗೆ ಹೋಗುವಂತೆ ಸಮಯ ಹಾಕಿಡಿ.

ಸಂಜೆಯೇ ಕಳಿಸುವುದಕ್ಕೆ ಇನ್ನೊಂದು ಕಾರಣ ಇದೆ. ಭೇಟಿಯಲ್ಲಿ ಕೇಳಿದ ಸಣ್ಣ ವಿಷಯ ಆವತ್ತು ಮಾತ್ರ ತಲೆಯಲ್ಲಿ ಬಿಸಿಯಾಗಿ ಇರುತ್ತದೆ. ಎರಡು ದಿನ ಬಿಟ್ಟರೆ "ಭೇಟಿ ಬಹಳ ಉಪಯುಕ್ತವಾಗಿತ್ತು" ಅನ್ನುವ ಸಾಲು ಮಾತ್ರ ಉಳಿಯುತ್ತದೆ.

ಯಾರಿಗೆ? ಮೇಲ್ ನಿಜವಾಗಿ ಓದುವವರಿಗೂ, ತೀರ್ಮಾನ ಮಾಡುವವರಿಗೂ. ಇಲ್ಲಿ ಮಾಲೀಕರು ಮತ್ತು ಮಗಳು ಇಬ್ಬರನ್ನೂ ಮುಖ್ಯ ವಿಳಾಸದಲ್ಲೇ ಹಾಕಿ. ಮಗಳನ್ನು ಸಿಸಿಯಲ್ಲಿ ಇಟ್ಟರೆ ಉತ್ತರ ಕೊಡುವುದು ಅಪ್ಪನ ಕೆಲಸ ಅಂತ ಅವರು ಬಿಡುತ್ತಾರೆ. ಅಪ್ಪ ಮೇಲ್ ತೆರೆಯುವುದೇ ಇಲ್ಲ. ನೀವು ನೋಡಿಲ್ಲದ ಅಣ್ಣನ ವಿಳಾಸವನ್ನು ಎಲ್ಲಿಂದಲೋ ಹುಡುಕಿ ಸೇರಿಸಬೇಡಿ. ಮನೆಯೊಳಗೆ ಯಾರು ಯಾರಿಗೆ ಹೇಳಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ನಿಮ್ಮ ತಂಡದಿಂದ ಬಂದಿದ್ದವರು ಸಿಸಿಯಲ್ಲಿ ಇರಲಿ.

ವಿಷಯದ ಸಾಲು

ಮೊಬೈಲ್‌ನಲ್ಲಿ ವಿಷಯದ ಸಾಲು ಪೂರ್ತಿ ಕಾಣುವುದಿಲ್ಲ, ಮೊದಲ ನಾಲ್ಕೈದು ಪದ ಕಂಡರೆ ಹೆಚ್ಚು. "ಧನ್ಯವಾದಗಳು" ಅಂತ ಒಂದೇ ಪದ ಹಾಕಿದರೆ, ಉತ್ತರ ಕೊಡಬೇಕಾದ ಮೇಲ್ ಅಂತ ಯಾರಿಗೂ ಅನಿಸುವುದಿಲ್ಲ. ಕೆಲಸದ ಹೆಸರು ಮೊದಲು, ತಾರೀಖು ಆಮೇಲೆ. ಹೀಗೆ: "ಬೇಳೆ ಪೌಚ್ ಡಿಸೈನ್: ಮುಂದಿನ ಭೇಟಿ ಸೆ. 16, ಮಂಗಳವಾರ?" ಕೊನೆಯ ಪ್ರಶ್ನೆ ಗುರುತು ಬೇಕು. ಇನ್ನೂ ಅವರು ಒಪ್ಪಿಲ್ಲ, ಒಪ್ಪಿದ ಹಾಗೆ ಬರೆಯುವುದು ತಪ್ಪು. ಇಂಥ ಸಾಲು ಇದ್ದರೆ ಹತ್ತು ದಿನ ಬಿಟ್ಟು ಹುಡುಕಿದರೂ "ಪೌಚ್" ಅಂತ ಹೊಡೆದ ತಕ್ಷಣ ಸಿಗುತ್ತದೆ.

ಧನ್ಯವಾದ ಹೇಳುವ ಭಾಗ

ಇಲ್ಲಿ ಎಲ್ಲರೂ ಜಾರುವುದು ಒಂದೇ ಕಡೆ. "ತಮ್ಮ ಅಮೂಲ್ಯ ಸಮಯವನ್ನು ನೀಡಿದ್ದಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳು." ಇದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಮದುವೆ ಕರೆಯೋಲೆಯ ಕೊನೆಯಲ್ಲೂ ಹಾಕಬಹುದು.

ಅದರ ಬದಲು ಆ ಭೇಟಿಯಲ್ಲಿ ಮಾತ್ರ ನಡೆದದ್ದು ಒಂದನ್ನು ಹೇಳಿ. ನಮ್ಮ ಮಿಲ್ ಮಾಲೀಕರು ಏನು ಮಾಡಿದರು? ಗ್ರೇಡಿಂಗ್ ಆದ ಬೇಳೆಯ ಎರಡು ಹಿಡಿ ತಂದು ಮೇಜಿನ ಮೇಲೆ ಪಕ್ಕಪಕ್ಕ ಸುರಿದರು. ಒಂದು ಹೊಳೆಯುವ ಹಳದಿ, ಇನ್ನೊಂದು ಸ್ವಲ್ಪ ಮಂಕು. "ಮಂದಿ ಬಣ್ಣ ನೋಡೇ ತಗೋತಾರ್ರಿ. ಪ್ಯಾಕೆಟ್‌ನ್ಯಾಗ ಬ್ಯಾಳಿ ಕಾಣ್ಬೇಕು" ಅಂದರು. ಧನ್ಯವಾದಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಾ? ಅದನ್ನೇ ಬರೆಯಿರಿ. ಮತ್ತು ಅದರಿಂದ ನಿಮ್ಮ ಕೆಲಸದಲ್ಲಿ ಏನು ಬದಲಾಯಿತು ಅಂತಲೂ ಒಂದು ಸಾಲು: ಪೌಚ್‌ನ ಮುಂಭಾಗದಲ್ಲಿ ಬೇಳೆ ಕಾಣುವ ಪಾರದರ್ಶಕ ಕಿಟಕಿ ಇಟ್ಟುಕೊಂಡೇ ಶುರುಮಾಡುತ್ತೇವೆ. ತಮ್ಮ ಮಾತು ಕೇಳಿಸಿಕೊಂಡಿದ್ದಾರೆ ಅಂತ ಅವರಿಗೆ ಗೊತ್ತಾಗುವುದು ಈ ಎರಡನೇ ಸಾಲಿನಿಂದ.

ಹೊಗಳಿಕೆ ಜಾಸ್ತಿ ಬೇಡ. ಚಹಾ ಚೆನ್ನಾಗಿತ್ತು, ಮಿಲ್ ಬಹಳ ದೊಡ್ಡದು, ತಮ್ಮಂಥವರನ್ನು ಭೇಟಿಯಾದದ್ದು ಪುಣ್ಯ, ಇವೆಲ್ಲ ಬಿಟ್ಟುಬಿಡಿ. ಬಿಲ್ ದೊಡ್ಡದಾಗಿ ಬರುತ್ತೆ ಅಂತ ಅವರಿಗೆ ಅನುಮಾನ ಬರುತ್ತದೆ.

ಅರ್ಥವಾದದ್ದು ಮೂರು ಸಾಲು

ಧನ್ಯವಾದ ಆದ ಮೇಲೆ, ಭೇಟಿಯಲ್ಲಿ ಏನು ಗೊತ್ತಾಯಿತು ಅಂತ ಚಿಕ್ಕದಾಗಿ ಬರೆಯಿರಿ. ಇದು ಭೇಟಿಯ ವರದಿ ಅಲ್ಲ, ಪೂರ್ತಿ ಟಿಪ್ಪಣಿ ಬೇಕಿದ್ದರೆ ಬೇರೆ ಕಳಿಸಿ. ಇಲ್ಲಿ ಮೂರೇ ವಿಷಯ: ಏನು ಮಾಡಬೇಕು, ಯಾವಾಗಿನ ಒಳಗೆ, ಯಾವುದು ಇನ್ನೂ ತೀರ್ಮಾನ ಆಗಿಲ್ಲ.

ಮೂರನೆಯದರ ಮೇಲೆ ಗಮನ ಇಡಿ. ಮುಂದಿನ ಭೇಟಿಗೆ ಕಾರಣ ಸಿಗುವುದು ಅಲ್ಲಿಂದ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ, ಸಿಕ್ಕಿದೆ. ಪ್ಯಾಕೆಟ್ ಮೇಲೆ ಆ ಗುರುತು ಹಾಕಿಸಬೇಕು ಅಂತ ಮಾಲೀಕರಿಗೆ ಆಸೆ. ಆದರೆ ಊರಿನ ಮಿಲ್ ಅಂದ ಮಾತ್ರಕ್ಕೆ ಹಾಕುವ ಹಾಗಿಲ್ಲ. ಅಧಿಕೃತ ಬಳಕೆದಾರರು ಅಂತ ನೋಂದಣಿ ಆಗಿರಬೇಕು. ಇವರದು ಆಗಿದೆಯಾ ಇಲ್ಲವಾ ಅಂತ ಮಗಳು ನೋಡಿ ಹೇಳುತ್ತೇನೆ ಅಂದಿದ್ದಾರೆ. ಇದನ್ನು ಮೇಲ್‌ನಲ್ಲಿ ಬರೆದರೆ ಯಾರ ಕೈಯಲ್ಲಿ ಯಾವ ಕೆಲಸ ಇದೆ ಅಂತ ನೆನಪಾಗುತ್ತದೆ, ಬಯ್ದ ಹಾಗೂ ಆಗುವುದಿಲ್ಲ.

ಬೆಲೆಯ ಮಾತನ್ನು ಈ ಮೇಲ್‌ಗೆ ತರಬೇಡಿ. ಕೊಟೇಶನ್ ಲಗತ್ತಿಸಿದರೆ ಓದುವವರ ಕಣ್ಣು ನೇರ ಮೊತ್ತದ ಮೇಲೆ ಹೋಗುತ್ತದೆ, ತಾರೀಖು ಮರೆತೇ ಹೋಗುತ್ತದೆ. ಅವರೇ ಕೊಟೇಶನ್ ಕೇಳಿದ್ದರೆ ಅದು ಬರುವ ದಿನ ಹೇಳಿ, ಬೇರೆ ಮೇಲ್‌ನಲ್ಲಿ ಕಳಿಸಿ.

ತಾರೀಖು ಆರಿಸುವುದು

ಈಗ ಮುಖ್ಯ ಕೆಲಸ. ಎರಡು ತಾರೀಖು ಕೊಡಬೇಕು, ಅದರಲ್ಲಿ ಒಂದು ನಿಮ್ಮ ಮೊದಲ ಆಯ್ಕೆ. ಒಂದೇ ಕೊಟ್ಟರೆ ಅಪ್ಪಣೆ ಮಾಡಿದ ಹಾಗೆ ಕಾಣುತ್ತದೆ. ನಾಲ್ಕು ಕೊಟ್ಟರೆ ಮತ್ತೆ ಅವರೇ ಲೆಕ್ಕ ಹಾಕುತ್ತಾ ಕೂರಬೇಕು.

ಯಾವ ಎರಡು? ಇಲ್ಲಿ ಫೋನಿನ ಕ್ಯಾಲೆಂಡರ್ ಒಂದೇ ಸಾಲದು. ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರನ್ನೂ ನೋಡಬೇಕು. ಆ ತಿಂಗಳನ್ನೇ ತೆಗೆದುಕೊಳ್ಳಿ. ಮಾದರಿ ಪೌಚ್ ತಯಾರಿಸಲು ನಿಮಗೆ ಹತ್ತು ದಿನ ಬೇಕು ಅಂತ ಇಟ್ಟುಕೊಳ್ಳೋಣ. ಅಲ್ಲಿಗೆ ಸೆಪ್ಟೆಂಬರ್ 15ರ ವಾರ ಬಂತು.

15, ಸೋಮವಾರ. ಅಣ್ಣ ಊರಲ್ಲಿಲ್ಲ. ಜೊತೆಗೆ ಮುಂಗಡ ತೆರಿಗೆಯ ಎರಡನೇ ಕಂತು ಕಟ್ಟುವ ಕೊನೆಯ ದಿನ, ಲೆಕ್ಕ ನೋಡುವ ಮಗಳಿಗೆ ಪುರುಸೊತ್ತು ಇರುವುದಿಲ್ಲ. 17, ಬುಧವಾರ. ಬೆಂಗಳೂರಿನಲ್ಲಿ ಕೂತವರಿಗೆ ಅದು ಮಾಮೂಲಿ ದಿನ. ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ದಿನ, ಧ್ವಜಾರೋಹಣ, ಮೆರವಣಿಗೆ ಎಲ್ಲ ಇರುತ್ತದೆ. ಆ ದಿನಕ್ಕೆ ಭೇಟಿ ಕೇಳಿದರೆ "ಇವರಿಗೆ ನಮ್ಮ ಕಡೆಯ ವಿಷಯ ಏನೂ ಗೊತ್ತಿಲ್ಲ" ಅನ್ನುವುದು ಗ್ಯಾರಂಟಿ. 19, ಶುಕ್ರವಾರ. ಅಣ್ಣ ಮತ್ತೆ ಇಲ್ಲ, ಮರುದಿನ 20ಕ್ಕೆ ತಿಂಗಳ ಜಿಎಸ್‌ಟಿ ರಿಟರ್ನ್‌ನ ಗಡುವು. ಉಳಿದದ್ದು 16, ಮಂಗಳವಾರ ಮತ್ತು 18, ಗುರುವಾರ. ಅವೇ ನಮ್ಮ ಎರಡು ತಾರೀಖು.

ಇನ್ನೊಂದು ಸೂಕ್ಷ್ಮ ಇದೆ. ಆ ವರ್ಷ ಸೆಪ್ಟೆಂಬರ್ 8ರಿಂದ ಮಹಾಲಯ ಅಮಾವಾಸ್ಯೆಯ 21ರವರೆಗೆ ಪಿತೃಪಕ್ಷ. ಅದನ್ನು ಪಾಲಿಸುವ ಮನೆಗಳಲ್ಲಿ ಆ ದಿನಗಳಲ್ಲಿ ಹೊಸ ಕರಾರಿಗೆ ಸಹಿ ಹಾಕುವುದಿಲ್ಲ, ಅಡ್ವಾನ್ಸ್ ಕೊಡುವುದಿಲ್ಲ. ಆದರೆ ಮಾದರಿ ನೋಡುವುದಕ್ಕೆ, ಆರಿಸುವುದಕ್ಕೆ ಯಾರದೂ ಅಡ್ಡಿ ಇರುವುದಿಲ್ಲ. ಹಾಗಾಗಿ 16ರ ಭೇಟಿ ಪೌಚ್ ನೋಡುವುದಕ್ಕೆ ಮಾತ್ರ ಅಂತ ಮೇಲ್‌ನಲ್ಲೇ ಹೇಳಿಬಿಡಿ. ಹಣದ ಮಾತು 22ರ ನಂತರ, ನವರಾತ್ರಿಯಲ್ಲಿ. ಪಕ್ಷದ ಹೆಸರು ಎತ್ತುವ ಅಗತ್ಯವೇ ಇಲ್ಲ. ಪಾಲಿಸುವವರಿಗೆ ಅರ್ಥವಾಗುತ್ತದೆ, ಪಾಲಿಸದವರಿಗೆ ಅಡ್ಡಿಯಾಗುವುದಿಲ್ಲ. ಆಷಾಢದಲ್ಲೂ ಇದೇ ಉಪಾಯ ನಡೆಯುತ್ತದೆ.

ಹೊತ್ತು ಆರಿಸುವಾಗ ರಾಹುಕಾಲ ನೋಡಬೇಕಾ? ನಾನು ನೋಡುತ್ತೇನೆ. ನನಗೆ ನಂಬಿಕೆ ಇದೆಯೋ ಇಲ್ಲವೋ ಬೇರೆ ಮಾತು, ಕ್ಲೈಂಟ್‌ಗೆ ಇದ್ದರೆ ಅವರು ಬಾಯಿಬಿಟ್ಟು ಹೇಳದೆ ಭೇಟಿ ಮುಂದೂಡುತ್ತಾರೆ. ಸಾಮಾನ್ಯ ಲೆಕ್ಕದಲ್ಲಿ ಮಂಗಳವಾರ 3ರಿಂದ 4:30, ಗುರುವಾರ 1:30ರಿಂದ 3. ಬೆಳಿಗ್ಗೆ 11:30 ಇಟ್ಟರೆ ಎರಡೂ ದಿನ ತಾಪತ್ರಯ ಇಲ್ಲ. ಮಂಗಳವಾರವೇ ಬೇಡ ಅನ್ನುವವರೂ ಇದ್ದಾರೆ. ಅಂಥವರಿಗೆ ಗುರುವಾರ ಹೇಗೂ ಇದೆ.

ತಾರೀಖಿನ ಜೊತೆ ಇನ್ನು ನಾಲ್ಕು ವಿಷಯ ಹೇಳಿ: ಎಲ್ಲಿ, ಎಷ್ಟು ಹೊತ್ತು, ನೀವು ಏನು ತರುತ್ತೀರಿ, ಅವರು ಏನು ತೀರ್ಮಾನ ಮಾಡಬೇಕು. "ಒಂದು ಗಂಟೆ ಸಾಕು" ಅಂದರೆ ಒಪ್ಪುವುದು ಸುಲಭ. "ಮೂರು ಮಾದರಿಯಲ್ಲಿ ಒಂದನ್ನು ಆರಿಸುವುದು" ಅಂದರೆ ಅಣ್ಣನನ್ನು ಯಾಕೆ ಕೂರಿಸಬೇಕು ಅಂತ ಮಾಲೀಕರಿಗೂ ಸ್ಪಷ್ಟವಾಗುತ್ತದೆ.

ಕೊನೆಗೆ, ಎಷ್ಟರೊಳಗೆ ಉತ್ತರ ಬೇಕು ಅಂತ ಹೇಳಿ. ಆದರೆ ಅದಕ್ಕೆ ನಿಜವಾದ ಕಾರಣ ಕೊಡಿ. ಇಲ್ಲಿ ಕಾರಣ ರೈಲು ಟಿಕೆಟ್. "ಆದಷ್ಟು ಬೇಗ ತಿಳಿಸಿ" ಅಂದರೆ ಯಾರೂ ಬೇಗ ತಿಳಿಸುವುದಿಲ್ಲ. ಟಿಕೆಟ್ ಮಾಡಿಸಬೇಕು, 9ರೊಳಗೆ ಹೇಳಿ ಅಂದರೆ ಹೇಳುತ್ತಾರೆ. ಉತ್ತರದ ರೂಪವನ್ನೂ ನೀವೇ ಕೊಟ್ಟುಬಿಡಿ: "16 ಸರಿ" ಅಂತ ಎರಡು ಪದ ಸಾಕು ಅಂತ.

ಪೂರ್ತಿ ಮೇಲ್

ವಿಷಯ: ಬೇಳೆ ಪೌಚ್ ಡಿಸೈನ್: ಮುಂದಿನ ಭೇಟಿ ಸೆ. 16, ಮಂಗಳವಾರ?

> ನಮಸ್ಕಾರ ಸರ್, ನಮಸ್ಕಾರ ಮೇಡಂ,
>
> ಇವತ್ತು ಮಿಲ್ ಪೂರ್ತಿ ತೋರಿಸಿ, ಅಷ್ಟು ಹೊತ್ತು ಕೂತು ಮಾತಾಡಿದ್ದಕ್ಕೆ ಧನ್ಯವಾದ. ಎರಡು ಗ್ರೇಡ್‌ನ ಬೇಳೆ ಪಕ್ಕಪಕ್ಕ ಇಟ್ಟು, ಜನ ಬಣ್ಣ ನೋಡಿಯೇ ಕೊಳ್ಳುತ್ತಾರೆ ಎಂದು ನೀವು ತೋರಿಸಿದ್ದು ನಮಗೆ ತುಂಬಾ ಉಪಯೋಗಕ್ಕೆ ಬಂತು. ಪೌಚ್‌ನ ಮುಂಭಾಗದಲ್ಲಿ ಬೇಳೆ ಕಾಣುವ ಕಿಟಕಿ ಇಟ್ಟುಕೊಂಡೇ ಡಿಸೈನ್ ಶುರುಮಾಡುತ್ತೇವೆ.
>
> ನಮಗೆ ಅರ್ಥವಾದದ್ದು ಇಷ್ಟು. ಮೊದಲು ಅರ್ಧ ಕೆ.ಜಿ. ಮತ್ತು ಒಂದು ಕೆ.ಜಿ. ಪೌಚ್ ಮಾತ್ರ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರುವ ಮೊದಲು ಪ್ರಿಂಟ್ ಆಗಿ ಕೈಗೆ ಸಿಗಬೇಕು. ಜಿಐ ಗುರುತು ಹಾಕುವುದು ಇನ್ನೂ ತೀರ್ಮಾನ ಆಗಿಲ್ಲ. ನೋಂದಣಿ ಆಗಿದೆಯೇ ಎಂದು ಮೇಡಂ ನೋಡಿ ತಿಳಿಸುತ್ತೇನೆ ಎಂದಿದ್ದಾರೆ. ಇದರಲ್ಲಿ ಏನಾದರೂ ತಪ್ಪಿದ್ದರೆ ದಯವಿಟ್ಟು ತಿದ್ದಿ.
>
> ಮುಂದಿನ ಭೇಟಿ ಸೆಪ್ಟೆಂಬರ್ 16, ಮಂಗಳವಾರ, ಬೆಳಿಗ್ಗೆ 11:30ಕ್ಕೆ ನಿಮ್ಮ ಮಿಲ್‌ನಲ್ಲೇ ಆಗಬಹುದೇ? ಅಣ್ಣನವರು ಊರಿನಲ್ಲಿರುವ ದಿನ ನೋಡಿ ಇದನ್ನು ಆರಿಸಿದ್ದೇವೆ. ಬೇಳೆ ತುಂಬಿದ ಮೂರು ಮಾದರಿ ಪೌಚ್ ತರುತ್ತೇವೆ. ನೀವೆಲ್ಲ ಕೈಯಲ್ಲಿ ಹಿಡಿದು ನೋಡಿ ಒಂದನ್ನು ಆರಿಸಿದರೆ ಆಯಿತು, ಒಂದು ಗಂಟೆ ಸಾಕು. ಕರಾರು, ಅಡ್ವಾನ್ಸ್ ಮಾತು ಆವತ್ತು ಇರುವುದಿಲ್ಲ. ಮಂಗಳವಾರ ಆಗದಿದ್ದರೆ ಸೆಪ್ಟೆಂಬರ್ 18, ಗುರುವಾರ, ಅದೇ ಸಮಯಕ್ಕೆ ಬರುತ್ತೇವೆ.
>
> ರೈಲು ಟಿಕೆಟ್ ಮಾಡಿಸಬೇಕಿರುವುದರಿಂದ ಸೆಪ್ಟೆಂಬರ್ 9, ಮಂಗಳವಾರ ಸಂಜೆಯೊಳಗೆ "16 ಸರಿ" ಅಥವಾ "18 ಸರಿ" ಎಂದು ಒಂದು ಸಾಲು ಕಳಿಸಿದರೆ ಸಾಕು.
>
> ವಂದನೆಗಳೊಂದಿಗೆ,
> ನಿಮ್ಮ ಹೆಸರು, ಮೊಬೈಲ್ ನಂಬರ್

ಇದಕ್ಕಿಂತ ಉದ್ದ ಬೇಡ. ಮೊಬೈಲ್‌ನಲ್ಲಿ ಎರಡು ಸಲ ಮೇಲೆ ತಳ್ಳುವಷ್ಟರಲ್ಲಿ ಮುಗಿಯಬೇಕು. "ಅಣ್ಣನವರು" ಅನ್ನುವ ಸಾಲನ್ನು ನೋಡಿ. ಅಣ್ಣ ಬರಲೇಬೇಕು ಅಂತ ಎಲ್ಲೂ ಹೇಳಿಲ್ಲ, ಆದರೆ ಹೇಳಿದ ಹಾಗೇ ಆಯಿತು.

ಕಳಿಸುವ ಮೊದಲು

ತಾರೀಖು ಮತ್ತು ವಾರ ಹೊಂದುತ್ತವೆಯೇ ಅಂತ ಕ್ಯಾಲೆಂಡರ್ ತೆಗೆದು ನೋಡಿ. "ಸೆಪ್ಟೆಂಬರ್ 16, ಬುಧವಾರ" ಅಂತ ಹೋದರೆ ಒಬ್ಬರು 16 ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಬುಧವಾರ ಅಂದುಕೊಳ್ಳುತ್ತಾರೆ. ವಾರ ಬರೆಯುವುದೇ ಬಿಟ್ಟರೆ ತಪ್ಪಾಗುವುದಿಲ್ಲ ಅಲ್ವಾ ಅನ್ನಬೇಡಿ. ವಾರ ಇದ್ದರೇನೇ ಅಂಗಡಿ, ಮಿಲ್ ನಡೆಸುವವರಿಗೆ ದಿನ ಕಣ್ಣಿಗೆ ಕಟ್ಟುವುದು. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, ಹೆಸರಿನಲ್ಲೇ ಬರೆಯಿರಿ. 5/9 ಅಂದರೆ ನಮಗೆ ಸೆಪ್ಟೆಂಬರ್ 5, ಅಮೆರಿಕದಲ್ಲಿರುವವರಿಗೆ ಮೇ 9. "ಮುಂದಿನ ಮಂಗಳವಾರ" ಅನ್ನುವುದಂತೂ ಬೇಡವೇ ಬೇಡ. ಗುರುವಾರ ಬರೆದದ್ದನ್ನು ಅವರು ಸೋಮವಾರ ಓದಿದರೆ ಮರುದಿನವೇ ಅಂದುಕೊಂಡಾರು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ವರ್ಡ್‌ನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದರೆ, ಆ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅನುಮಾನ ಇದ್ದರೆ ಮೊದಲು ನಿಮ್ಮ ಮೊಬೈಲ್‌ಗೇ ಕಳಿಸಿ ನೋಡಿ. ಮಾತಾಡಿದ್ದು ಕನ್ನಡದಲ್ಲಾದರೆ ಮೇಲ್ ಕೂಡ ಕನ್ನಡದಲ್ಲೇ ಇರುವುದು ಚೆಂದ. ಅವರ ಕಡೆಯ ಲೆಕ್ಕಿಗರೋ ಮ್ಯಾನೇಜರೋ ಕನ್ನಡ ಓದದವರಾದರೆ ಮಾತ್ರ ಇಂಗ್ಲಿಷ್.

ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂದಕ್ಕೆ ಪಡೆಯುವ ಸಮಯವನ್ನು ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್‌ಗೆ ಏರಿಸಿಟ್ಟುಕೊಳ್ಳಿ. ತಾರೀಖಿನ ತಪ್ಪು ಕಣ್ಣಿಗೆ ಬೀಳುವುದು ಕಳಿಸಿದ ಮರುಕ್ಷಣವೇ.

ಉತ್ತರ ಬಂದಾಗ, ಬರದಿದ್ದಾಗ

"16 ಸರಿ" ಅಂತ ಬಂದರೆ ತಕ್ಷಣ ಒಂದು ಸಾಲಿನ ಉತ್ತರ ಕಳಿಸಿ, ಆಮೇಲೆ ಕ್ಯಾಲೆಂಡರ್ ಆಹ್ವಾನ ಕಳಿಸಿ. ಮೊದಲ ಮೇಲ್ ಜೊತೆಗೇ ಎರಡೂ ದಿನಕ್ಕೆ ಆಹ್ವಾನ ಹಾಕುವವರಿದ್ದಾರೆ. ಅವರ ಫೋನಿನಲ್ಲಿ ಎರಡೂ ದಿನ ಗಂಟೆ ಹೊಡೆಯುತ್ತದೆ, ಯಾವುದು ನಿಜ ಅಂತ ಯಾರಿಗೂ ತಿಳಿಯುವುದಿಲ್ಲ. ಉತ್ತರ ಬರುವವರೆಗೆ ನಿಮ್ಮ ಕ್ಯಾಲೆಂಡರ್‌ನಲ್ಲಿ ಮಾತ್ರ ಎರಡೂ ದಿನ ಕಾದಿರಿಸಿ. ಅವರು ಒಂದನ್ನು ಹೇಳಿದ ಮೇಲೆ ಇನ್ನೊಂದನ್ನು ಬಿಟ್ಟುಕೊಡಿ.

ಕೆಲವೊಮ್ಮೆ "ಓಕೆ, ಥ್ಯಾಂಕ್ಸ್" ಅಂತ ಮಾತ್ರ ಬರುತ್ತದೆ. ಇದು ಒಪ್ಪಿಗೆ ಅಲ್ಲ, ಮೇಲ್ ಓದಿದೆ ಅನ್ನುವುದಷ್ಟೇ ಇದರ ಅರ್ಥ. ಇದನ್ನು ನಂಬಿ ಟಿಕೆಟ್ ಮಾಡಿಸಬೇಡಿ. "ಹಾಗಾದರೆ 16, ಮಂಗಳವಾರ 11:30 ಅಂತ ಇಟ್ಟುಕೊಳ್ಳಲೇ ಮೇಡಂ?" ಅಂತ ಮರಳಿ ಕೇಳಿ. ಹೂಂ ಅನ್ನುವುದು ಅವರ ಕಡೆಯಿಂದಲೇ ಬರಬೇಕು.

9ರವರೆಗೆ ಏನೂ ಬರಲಿಲ್ಲ ಅಂದರೆ 10ರ ಬೆಳಿಗ್ಗೆ ಫೋನ್ ಮಾಡಿ. ಎರಡನೇ ಮೇಲ್ ಬೇಡ. ಮಿಲ್, ಅಂಗಡಿಯವರ ಜೊತೆ ಫೋನ್ ಅಥವಾ ವಾಟ್ಸಾಪ್‌ನಲ್ಲೇ ಕೆಲಸ ಆಗುವುದು. ಮೇಲ್ ಇರುವುದು ಬರಹದಲ್ಲಿ ಉಳಿಯಲಿ ಅಂತ. ಫೋನಿನಲ್ಲಿ "ಮೇಲ್ ನೋಡಿದ್ರಾ?" ಅಂತ ಶುರುಮಾಡಿದರೆ ತಪ್ಪು ಹುಡುಕಿದ ಹಾಗಾಗುತ್ತದೆ. "ಸರ್, ಟಿಕೆಟ್ ಮಾಡಿಸ್ತಾ ಇದ್ದೀನಿ, ಮಂಗಳವಾರಕ್ಕೋ ಗುರುವಾರಕ್ಕೋ?" ಅನ್ನಿ. ಅವರು ಹೇಳಿದ ಮೇಲೆ ಅದೇ ಮೇಲ್‌ಗೆ ನೀವೇ ಉತ್ತರವಾಗಿ ಬರೆಯಿರಿ: "ಈಗ ಫೋನಿನಲ್ಲಿ ಮಾತಾಡಿದಂತೆ ಸೆಪ್ಟೆಂಬರ್ 18, ಗುರುವಾರ, ಬೆಳಿಗ್ಗೆ 11:30." ಹಳೆಯ ಮೇಲ್‌ನ ಕೆಳಗೇ ಇದು ಹೋಗಲಿ, ಹೊಸ ಮೇಲ್ ತೆರೆಯಬೇಡಿ. ವಿಷಯದ ಸಾಲಿನಲ್ಲಿ ಇನ್ನೂ 16 ಇರುತ್ತದಲ್ಲ, ಅದಕ್ಕೆ ಬರಹದ ಮೊದಲ ಸಾಲಿನಲ್ಲೇ 18 ಕಾಣಬೇಕು.

ಫೋನಿಗೂ ಸಿಗದಿದ್ದರೆ 12ರವರೆಗೆ ಕಾಯಿರಿ. ಆಮೇಲೆ ಎರಡೂ ತಾರೀಖು ಬಿಟ್ಟುಬಿಟ್ಟಿದ್ದೇವೆ ಅಂತ ಸ್ಪಷ್ಟವಾಗಿ ತಿಳಿಸಿ, ನವರಾತ್ರಿಯ ವಾರದಲ್ಲಿ ಹೊಸದಾಗಿ ಎರಡು ದಿನ ಕೊಡಿ. ಆಯುಧ ಪೂಜೆ ಅಕ್ಟೋಬರ್ 1, ವಿಜಯದಶಮಿ 2. ಆ ಎರಡು ದಿನ ಮತ್ತು ಹಿಂದಿನ ದಿನ ಯಂತ್ರ ತೊಳೆಯುವ ಗಡಿಬಿಡಿ ಬಿಟ್ಟು ಕೇಳಿ. ಹಳೆಯ ತಾರೀಖನ್ನು ಬಿಟ್ಟಿದ್ದೇವೆ ಅಂತ ಹೇಳದೇ ಸುಮ್ಮನಾದರೆ, 16ರ ಬೆಳಿಗ್ಗೆ "ಎಲ್ಲದೀರಿ ಸರ?" ಅಂತ ಫೋನ್ ಬಂದರೂ ಬಂದೀತು.

ಕ್ಲೈಂಟ್ ಹೊರದೇಶದಲ್ಲಿದ್ದರೆ

ಉಳಿದದ್ದೆಲ್ಲ ಇದೇ, ಸಮಯ ಬರೆಯುವ ರೀತಿ ಮಾತ್ರ ಬೇರೆ. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರೊಬ್ಬರು ಇದೇ ಬೇಳೆ ತರಿಸಿ ಮಾರುತ್ತಾರೆ ಅನ್ನಿ. ವಿಡಿಯೋ ಭೇಟಿಗೆ ಅವರ ಸಮಯ ಮೊದಲು, ನಮ್ಮ ಸಮಯ ಆಮೇಲೆ ಬರೆಯಿರಿ: "ನಿಮ್ಮಲ್ಲಿ ಸೆಪ್ಟೆಂಬರ್ 16, ಮಂಗಳವಾರ, ಬೆಳಿಗ್ಗೆ 9, ನಮ್ಮಲ್ಲಿ ಅದೇ ದಿನ ಸಂಜೆ 6:30." ಇದು ಬೇಸಿಗೆಯ ಲೆಕ್ಕ. ಅಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಅವರ 9 ಗಂಟೆ ಅಂದರೆ ನಮಗೆ 7:30. ಅಕ್ಟೋಬರ್ ಕೊನೆಯಲ್ಲಿ ಕೂತು ನವೆಂಬರ್‌ನ ಭೇಟಿ ಗೊತ್ತುಮಾಡುವಾಗ ಇಲ್ಲೇ ಎಡವುವುದು. ಕ್ಯಾಲೆಂಡರ್ ಆಹ್ವಾನ ಕಳಿಸಿದರೆ ಆಯಾ ಊರಿನ ಸಮಯವನ್ನು ಅದೇ ತೋರಿಸುತ್ತದೆ. ಹಾಗಾಗಿ ಮೇಲ್‌ನಲ್ಲಿ ಬರೆದದ್ದು ಮತ್ತು ಆಹ್ವಾನದಲ್ಲಿ ಕಾಣುವುದು ಎರಡೂ ಒಂದೇ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಹಿಂದಿನ ದಿನ

ಭೇಟಿಯ ಹಿಂದಿನ ದಿನ ಮಧ್ಯಾಹ್ನ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ: "ನಾಳೆ ಬೆಳಿಗ್ಗೆ 11:30ಕ್ಕೆ ಮಿಲ್‌ಗೆ ಬರುತ್ತಿದ್ದೇವೆ. ರಾತ್ರಿ ರೈಲು ಹತ್ತುತ್ತೇವೆ." ಬರಬಹುದಾ ಅಂತ ಮತ್ತೆ ಕೇಳಬೇಡಿ, ಕೇಳಿದರೆ ಬೇಡ ಅನ್ನಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ನಿಜವಾಗಿ ಏನಾದರೂ ಅಡಚಣೆ ಇದ್ದರೆ ಈ ಸಾಲು ನೋಡಿ ಅವರೇ ಫೋನ್ ಮಾಡುತ್ತಾರೆ, ಟಿಕೆಟ್ ರದ್ದು ಮಾಡುವುದಕ್ಕೂ ಇನ್ನೂ ಹೊತ್ತಿರುತ್ತದೆ.